ಕಂಡರೂ ಪರಾಂಬರಿಸಿ: ಬಯಸದೆ ಬಂದ ಅವಕಾಶಕ್ಕೆ ನಾಲ್ಕು ಪ್ರಶ್ನೆ



ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ನಾನು. ಜನರಿಗೆ ಬಳಕೆಗೆ ಬರುವ ವಿಷಯವನ್ನೇ ಮಾತನಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ ಎಂದು ತಿಳಿಸಿದಾಗ, ನನ್ನ ಮನೆಯ ಊಟದ ಮೇಜಿನ ಮೇಲೆ ನಡೆದ ಒಂದು ಪರೀಕ್ಷೆಯನ್ನೇ ನಿಮ್ಮ ಮುಂದಿಡಬೇಕು ಅನ್ನಿಸಿತು. ಅದಕ್ಕೂ ಮೊದಲು, ನಿಮಗೆಲ್ಲ ಗೊತ್ತಿರುವ ಒಂದು ರೂಢಿಯನ್ನು ನೆನಪಿಸುತ್ತೇನೆ.

ನಮ್ಮ ಊರುಗಳಲ್ಲಿ ಯಾರಾದರೂ ಮೂವತ್ತು-ನಲವತ್ತರ ಒಂದು ಸೈಟು ಕೊಳ್ಳುತ್ತಾರೆ ಅಂದುಕೊಳ್ಳಿ. ಮಾರುವವರು ಪರಿಚಯದವರೇ ಇರಬಹುದು. ಕ್ರಯಪತ್ರದ ಜೆರಾಕ್ಸ್, ಕಂದಾಯದ ರಸೀದಿ ಎಲ್ಲವನ್ನೂ ಕೈಗೆ ಕೊಟ್ಟಿರಬಹುದು. ಆದರೂ ನಾವು ಅಷ್ಟಕ್ಕೇ ದುಡ್ಡು ಎಣಿಸುವುದಿಲ್ಲ. ಉಪನೋಂದಣಿ ಕಚೇರಿಗೆ ನಾವೇ ಅರ್ಜಿ ಹಾಕಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸುತ್ತೇವೆ. ಮಾರುವವರ ಮೇಲೆ ಅನುಮಾನ ಎಂದಲ್ಲ. ಅವರ ಕೈ ತಾಗದ ಒಂದು ದಾಖಲೆ ಬೇಕು, ಅಷ್ಟೆ. ಈ ಒಂದು ರೂಢಿಯಲ್ಲಿ ಇಂದಿನ ನನ್ನ ಉಪನ್ಯಾಸವೆಲ್ಲ ಅಡಗಿದೆ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯನ್ನು ಭೂಮಿಯ ವಿಷಯದಲ್ಲಿ ನಾವು ಚಾಚೂ ತಪ್ಪದೆ ಪಾಲಿಸುತ್ತೇವೆ. ಫೋನಿನಲ್ಲಿ ಬರುವ ಅವಕಾಶದ ವಿಷಯದಲ್ಲಿ ಮಾತ್ರ ಮರೆಯುತ್ತೇವೆ.

ಈಗ ಮೇಜಿನ ಮೇಲಿನ ಪರೀಕ್ಷೆಗೆ ಬರುತ್ತೇನೆ. ನನ್ನ ಗೆಳೆಯರೊಬ್ಬರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಹೆಸರು ಇಲ್ಲಿ ಬೇಡ, ಮೇಷ್ಟ್ರು ಎಂದೇ ಕರೆಯೋಣ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಠೇವಣಿಯ ಬಾಂಡು ಹಿಡಿದುಕೊಂಡು ಮನೆಗೆ ಬಂದರು. “ಸಾರ್, ಇದನ್ನು ಅವಧಿಗೆ ಮುಂಚೆ ಮುರಿಸಬೇಕು. ಬ್ಯಾಂಕಿಗೆ ನೀವೂ ಬಂದರೆ ಬೇಗ ಆಗುತ್ತೆ. ಮೂರು ಗಂಟೆ ಒಳಗೆ ಹನ್ನೆರಡು ಲಕ್ಷ ಕಟ್ಟಲೇಬೇಕು” ಅಂದರು. ಏನಕ್ಕೆ ಅಂದೆ. “ಮಗಳ ಮದುವೆಗೆ” ಅಂದರು. ಅವರ ಮಗಳ ಮದುವೆಯ ಊಟ ನಾನೇ ಉಂಡು ಆರು ವರ್ಷವಾಗಿತ್ತು. ನಾನು ಸುಮ್ಮನೆ ಅವರ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು. “ಬ್ಯಾಂಕಿನವರು ಕೇಳಿದರೆ ಹಾಗೆ ಹೇಳಿ ಅಂತ ಹೇಳಿಕೊಟ್ಟಿದ್ದಾರೆ ಸಾರ್” ಎಂದರು. ಕಾಫಿ ಬರುವಷ್ಟರಲ್ಲಿ ಉಳಿದ ಕಥೆಯೂ ಬಂತು.

ಎರಡು ತಿಂಗಳ ಹಿಂದೆ ಯಾರೋ ಅವರನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಗುಂಪಿಗೆ ದೊಡ್ಡ ಷೇರು ಬ್ರೋಕರ್ ಸಂಸ್ಥೆಯೊಂದರ ಹೆಸರು, ಲಾಂಛನ. ‘ಪ್ರೊಫೆಸರ್’ ಎನ್ನುವವರೊಬ್ಬರು ದಿನಾ ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮುಂಚೆ ಪಾಠ ಮಾಡುತ್ತಿದ್ದರು. ಮೂರು ವಾರ ಯಾರೂ ಒಂದು ರೂಪಾಯಿ ಕೇಳಲಿಲ್ಲ. ಉಳಿದ ಸದಸ್ಯರು ತಮಗೆ ಬಂದ ಲಾಭದ ಚಿತ್ರಗಳನ್ನು ಹಾಕುತ್ತಲೇ ಇದ್ದರು. ನಾಲ್ಕನೆಯ ವಾರ ‘ಸಾಂಸ್ಥಿಕ ಖಾತೆ’ಯ ಮಾತು ಬಂತು. ವಿದೇಶಿ ಹೂಡಿಕೆ ಸಂಸ್ಥೆಗಳಿಗಿರುವ ಸೌಲಭ್ಯವನ್ನೇ ನಿಮಗೂ ಕೊಡಿಸುತ್ತೇವೆ, ಹೊಸ ಷೇರುಗಳು ರಿಯಾಯಿತಿ ದರದಲ್ಲಿ ಸಿಗುತ್ತವೆ ಎಂದು ಒಂದು ಲಿಂಕ್ ಕಳಿಸಿದರು. ಮೇಷ್ಟ್ರು ಅದನ್ನು ಒತ್ತಿ ಆ್ಯಪ್ ಹಾಕಿಕೊಂಡರು. ಮೊದಲು 20,000 ರೂಪಾಯಿ ಕಟ್ಟಿದರು. ಅದರಲ್ಲಿ 5,000 ಹಿಂಪಡೆದು ನೋಡಿದರು, ದುಡ್ಡು ಬಂತು! ಆಮೇಲೆ ಎರಡು ಲಕ್ಷ ಕಟ್ಟಿದರು. ಆ್ಯಪಿನ ಪರದೆಯಲ್ಲಿ ಅದು 3,86,000 ಆಗಿತ್ತು. ನಂತರ ಒಂದು ಹೊಸ ಕಂಪನಿಯ ಐಪಿಒಗೆ 100 ಷೇರು ಬೇಕೆಂದು ಅರ್ಜಿ ಹಾಕಿದರು. ಹಿಂದಿನ ದಿನ ಸಂಜೆ ಸಂದೇಶ ಬಂದಿತ್ತು: ನಿಮಗೆ 4,000 ಷೇರು ಮಂಜೂರಾಗಿದೆ, ಒಂದಕ್ಕೆ 300 ರೂಪಾಯಿಯಂತೆ ಹನ್ನೆರಡು ಲಕ್ಷವನ್ನು ನಾಳೆ ಮೂರು ಗಂಟೆಯೊಳಗೆ ಕಟ್ಟಿ, ಇಲ್ಲವಾದರೆ ಖಾತೆ ಸ್ಥಗಿತವಾಗುತ್ತದೆ.

ನಾನು ಬೈಯಲಿಲ್ಲ. “ಮೂರು ಗಂಟೆಗೆ ಇನ್ನೂ ನಾಲ್ಕು ತಾಸಿದೆ ಮೇಷ್ಟ್ರೇ. ಇ.ಸಿ. ತೆಗೆಸೋಣ” ಅಂದೆ. ಒಂದು ಹಾಳೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆವು. ಇವರು ಯಾರು? ಅವಸರ ಯಾಕೆ? ದುಡ್ಡು ಯಾರ ಖಾತೆಗೆ ಹೋಗುತ್ತದೆ? ಇವರ ಕೈ ತಾಗದ ಯಾವ ಜಾಗದಲ್ಲಿ ವಿಚಾರಿಸಬಹುದು? ಒಂದೊಂದನ್ನೂ ಅಂದು ನಾವು ಹೇಗೆ ನೋಡಿದೆವೋ ಹಾಗೆಯೇ ಹೇಳುತ್ತೇನೆ.

ಮೊದಲ ಪ್ರಶ್ನೆ ಗುರುತಿನದು. ಮೇಷ್ಟ್ರು ಸುಮ್ಮನೆ ನಂಬಿದವರಲ್ಲ. “ಸೆಬಿ ನೋಂದಣಿ ಸಂಖ್ಯೆ ಕೇಳಿ ತರಿಸಿಕೊಂಡಿದ್ದೇನೆ ಸಾರ್” ಎಂದು ಪ್ರಮಾಣಪತ್ರದ ಚಿತ್ರ ತೋರಿಸಿದರು. INZ ಎಂದು ಶುರುವಾಗುವ ಸಂಖ್ಯೆ. ಷೇರು ಬ್ರೋಕರುಗಳಿಗೆ ಸೆಬಿ ಕೊಡುವುದು ಅಂಥದ್ದೇ. ಸೆಬಿಯ ಜಾಲತಾಣದಲ್ಲಿರುವ ನೋಂದಾಯಿತರ ಪಟ್ಟಿಯಲ್ಲಿ ಹುಡುಕಿದರೆ ಆ ಸಂಖ್ಯೆ ಸಿಕ್ಕಿತು, ಆ ಸಂಸ್ಥೆಯ ಹೆಸರೂ ಸಿಕ್ಕಿತು. ಮೇಷ್ಟ್ರ ಮುಖ ಅರಳಿತು. ಬಹಳ ಜನ ಎಡವುವುದು ಇಲ್ಲಿಯೇ. ಪಟ್ಟಿಯಲ್ಲಿ ಹೆಸರಿದ್ದರೆ ಅಂಥದೊಂದು ಸಂಸ್ಥೆ ಇದೆ ಎಂದು ಸಾಬೀತಾಯಿತು. ನಮಗೆ ಸಂದೇಶ ಕಳಿಸುತ್ತಿರುವವರು ಆ ಸಂಸ್ಥೆಯವರೇ ಎಂದು ಸಾಬೀತಾಗಲಿಲ್ಲ. ಪ್ರಮಾಣಪತ್ರದ ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಡಿ.ಸಿ. ಕಚೇರಿ ಇರುವುದು ನಿಜ, ಹಾಗೆಂದು ಡಿ.ಸಿ. ಕಚೇರಿಯವನು ಎಂದುಕೊಂಡು ಬಂದವನೆಲ್ಲ ಅಲ್ಲಿಯವನಲ್ಲ.

ಹಾಗಾಗಿ ಗುರುತಿನ ಪರೀಕ್ಷೆ ಹೆಸರಿಗೆ ಮುಗಿಯುವುದಿಲ್ಲ, ಸಂಪರ್ಕದವರೆಗೂ ಹೋಗಬೇಕು. ಸೆಬಿಯ ಪಟ್ಟಿಯಲ್ಲಿ ಸಂಸ್ಥೆಯ ದೂರವಾಣಿ, ಇಮೇಲ್ ವಿಳಾಸಗಳೂ ಇರುತ್ತವೆ. ಅಲ್ಲಿದ್ದ ಸಂಖ್ಯೆಗೆ ಕರೆ ಮಾಡಿದೆವು. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, “ನಮ್ಮ ಸಂಸ್ಥೆ ವಾಟ್ಸಾಪ್ ಗುಂಪಿನಲ್ಲಿ ಹಣ ಕೇಳುವುದಿಲ್ಲ ಸರ್, ಆ ಆ್ಯಪ್ ನಮ್ಮದಲ್ಲ” ಎಂದಳು. ಒಂದು ಎಚ್ಚರಿಕೆಯನ್ನು ಸೇರಿಸಿ ಹೇಳುತ್ತೇನೆ. ಅಂತರ್ಜಾಲದಲ್ಲಿ ಸುಮ್ಮನೆ ಹುಡುಕಿ ಮೊದಲು ಕಂಡ ‘ಗ್ರಾಹಕ ಸೇವೆ’ ಸಂಖ್ಯೆಗೆ ಕರೆ ಮಾಡಬೇಡಿ. ಅಲ್ಲೂ ಕಳ್ಳ ಸಂಖ್ಯೆಗಳನ್ನು ಹಾಕಿರುತ್ತಾರೆ. ನಿಯಂತ್ರಕ ಸಂಸ್ಥೆಯ ಪಟ್ಟಿ, ನಿಮ್ಮ ಪಾಸ್‌ಬುಕ್ಕಿನ ಹಾಳೆ, ಕಾರ್ಡಿನ ಹಿಂಭಾಗ ಇಂಥ ಜಾಗದಿಂದ ಸಂಖ್ಯೆ ತೆಗೆದುಕೊಳ್ಳಿ.

ಎರಡನೆಯದು ಅವಸರ. ಎಲ್ಲ ಅವಸರವೂ ಸುಳ್ಳಲ್ಲ. ನಿಜವಾದ ಐಪಿಒಗೂ ಕೊನೆಯ ದಿನವಿರುತ್ತದೆ, ಪರೀಕ್ಷಾ ಶುಲ್ಕಕ್ಕೂ ಇರುತ್ತದೆ. ಆದ್ದರಿಂದ ಗಡುವು ಇದೆ ಎಂಬ ಒಂದೇ ಕಾರಣಕ್ಕೆ ಮೋಸ ಎನ್ನಲಾಗದು. ನೋಡಬೇಕಾದದ್ದು, ನಾವು ನಿಂತರೆ ಆ ಕಡೆಯವರು ಏನು ಮಾಡುತ್ತಾರೆ ಎಂಬುದನ್ನು. ನಾನು ಹೇಳಿದಂತೆ ಮೇಷ್ಟ್ರು ಒಂದು ಸಂದೇಶ ಕಳಿಸಿದರು: ‘ಮನೆಯವರೊಂದಿಗೆ ಮಾತಾಡಿ ನಾಳೆ ತಿಳಿಸುತ್ತೇನೆ.’ ಐದು ನಿಮಿಷದೊಳಗೆ ಮೂರು ಕರೆ ಬಂದವು. ಮೊದಲು ಪ್ರೀತಿ, ‘ನಿಮಗಾಗಿ ವಿಶೇಷವಾಗಿ ತೆಗೆದಿಟ್ಟಿದ್ದೇವೆ.’ ಆಮೇಲೆ ಭಯ, ‘ಈಗಿರುವ 3,86,000ವೂ ಮುಟ್ಟುಗೋಲಾಗುತ್ತದೆ.’ ಕೊನೆಗೆ ಗುಟ್ಟು, ‘ಮನೆಯಲ್ಲಿ ಹೇಳಬೇಡಿ, ಅವರಿಗೆ ಮಾರುಕಟ್ಟೆ ಅರ್ಥವಾಗುವುದಿಲ್ಲ.’

ನಿಲ್ಲುವುದು ಬರೀ ವಿರಾಮವಲ್ಲ, ಅದೇ ಒಂದು ಪರೀಕ್ಷೆ ಎಂದು ನಾನು ಹೇಳುವುದು ಇದಕ್ಕೆ. ನಿಜವಾದ ಕಚೇರಿಗೆ ‘ನಾಳೆ ಹೇಳುತ್ತೇನೆ’ ಎಂದರೆ ಕೊನೆಯ ದಿನಾಂಕ ತಿಳಿಸಿ ಸುಮ್ಮನಾಗುತ್ತದೆ. ಮೋಸಗಾರರಿಗೆ ಸುಮ್ಮನಾಗಲು ಬರುವುದಿಲ್ಲ, ಅದಕ್ಕೆ ಕಾರಣವೂ ಇದೆ. ನೀವು ಯೋಚಿಸುತ್ತ ಕುಳಿತಷ್ಟೂ ಇನ್ನೊಬ್ಬರನ್ನು ಕೇಳುತ್ತೀರಿ. ಅತ್ತ ಹಣ ಕಟ್ಟಿಸಿಕೊಳ್ಳುವ ಖಾತೆಯ ಮೇಲೆ ಬೇರೆ ಯಾರಾದರೂ ದೂರು ಕೊಟ್ಟರೆ ಅದು ಸ್ಥಗಿತವಾಗಿಬಿಡುತ್ತದೆ. ಗಡಿಯಾರ ಓಡುತ್ತಿರುವುದು ಅವರಿಗೆ. ಅದನ್ನು ನಿಮ್ಮ ಕೈಗೆ ಕಟ್ಟುತ್ತಾರೆ.

ಮೂರನೆಯದು ಹಣದ ದಾರಿ. ನಾಲ್ಕರಲ್ಲಿ ಇದಕ್ಕೆ ಹೆಚ್ಚು ತೂಕ ಕೊಡಿ ಎಂದು ಬ್ಯಾಂಕಿನವನಾಗಿ ಹೇಳುತ್ತೇನೆ. ಹೆಸರು, ಲಾಂಛನ, ದನಿ, ಪ್ರಮಾಣಪತ್ರ ಎಲ್ಲವನ್ನೂ ನಕಲು ಮಾಡಬಹುದು. ಆದರೆ ಹಣ ಕೊನೆಗೆ ಒಂದು ಖಾತೆಗೇ ಬೀಳಬೇಕು, ಆ ಖಾತೆಗೆ ಬ್ಯಾಂಕಿನ ಪುಸ್ತಕದಲ್ಲಿ ಒಂದು ಹೆಸರು ಇರಲೇಬೇಕು. ಮೇಷ್ಟ್ರ ಮೊದಲ 20,000 ಹೋದದ್ದು ಒಬ್ಬ ವ್ಯಕ್ತಿಯ ಯುಪಿಐಗೆ. ಎರಡು ಲಕ್ಷ ಹೋದದ್ದು ಉತ್ತರದ ಒಂದು ಊರಿನ ಯಾವುದೋ ‘ಟ್ರೇಡರ್ಸ್’ ಖಾತೆಗೆ. ಹಿಂದಕ್ಕೆ ಬಂದ 5,000 ಮೂರನೆಯವರ ಖಾತೆಯಿಂದ ಬಂದಿತ್ತು. ಯಾಕೆ ಹೀಗೆ ಎಂದು ಅವರು ಕೇಳಿದ್ದಕ್ಕೆ ‘ತೆರಿಗೆ ಉಳಿಸಲು ಖಾತೆ ಬದಲಿಸುತ್ತೇವೆ’ ಎಂಬ ಉತ್ತರ ಬಂದಿತ್ತು. ಈಗ ಹನ್ನೆರಡು ಲಕ್ಷಕ್ಕೆ ಕೊಟ್ಟದ್ದು ಮತ್ತೊಂದು ಖಾತೆ.

ನೆಫ್ಟ್ ಮಾಡುವಾಗ ಹಣ ಜಮೆಯಾಗುವುದು ಖಾತೆ ಸಂಖ್ಯೆಯನ್ನು ನೋಡಿ ಮಾತ್ರ. ಹೆಸರಿನ ಜಾಗದಲ್ಲಿ ನೀವು ಏನು ಬರೆದರೂ ನಡೆಯುತ್ತದೆ. ಆದರೆ ಈಗ ನಿಜವಾದ ಹೆಸರನ್ನು ಮೊದಲೇ ನೋಡಬಹುದು. ಹಣ ಕಳಿಸುವ ಮುಂಚೆ ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು ನೆಫ್ಟ್ ಮತ್ತು ಆರ್‌ಟಿಜಿಎಸ್ ವರ್ಗಾವಣೆಗೆ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿತು. ಮೇಷ್ಟ್ರ ಫೋನಿನಲ್ಲಿ ಅವರ ಬ್ಯಾಂಕಿನ ಆ್ಯಪ್ ತೆರೆದು ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಹಾಕಿದೆವು. ಹೆಸರು ಮೂಡಿತು: ಯಾವುದೋ ಒಂದು ಗಾರ್ಮೆಂಟ್ಸ್. ಬಟ್ಟೆ ಅಂಗಡಿಯ ಖಾತೆಗೆ ಐಪಿಒ ಹಣ ಯಾಕೆ ಹೋಗಬೇಕು? ಇವು ಬಾಡಿಗೆ ಖಾತೆಗಳು. ಬಡವರಿಗೋ ವಿದ್ಯಾರ್ಥಿಗಳಿಗೋ ಒಂದಿಷ್ಟು ದುಡ್ಡು ಕೊಟ್ಟು, ಅವರ ಖಾತೆಯನ್ನು ಹಣ ದಾಟಿಸಲು ಬಳಸುತ್ತಾರೆ. ಇಲ್ಲಿರುವ ವಿದ್ಯಾರ್ಥಿಗಳಿಗೆ ಕೈಮುಗಿದು ಹೇಳುತ್ತೇನೆ, ‘ನಿನ್ನ ಖಾತೆ ಕೊಡು, ಕಮಿಷನ್ ಕೊಡುತ್ತೇವೆ’ ಎಂಬುದೂ ಬಯಸದೆ ಬರುವ ಒಂದು ಅವಕಾಶವೇ. ಒಪ್ಪಿಕೊಂಡರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಷೇರಿನ ವಿಷಯದಲ್ಲಿ ಹಣದ ದಾರಿಯನ್ನು ಗುರುತಿಸಲು ಇನ್ನೂ ಒಂದು ಅನುಕೂಲ ಬಂದಿದೆ. 2025ರ ಅಕ್ಟೋಬರ್ 1ರಿಂದ ಸೆಬಿ ನೋಂದಾಯಿತ ಬ್ರೋಕರುಗಳ ಯುಪಿಐ ವಿಳಾಸಕ್ಕೆ ಒಂದು ಮುದ್ರೆ ಕೊಟ್ಟಿದೆ. ಅದರಲ್ಲಿ .brk ಎಂಬ ಅಕ್ಷರಗಳೂ, @valid ಎಂಬುದರ ಜೊತೆಗೆ ಬ್ಯಾಂಕಿನ ಹೆಸರೂ ಇರುತ್ತವೆ. ಖಾತೆ ಸಂಖ್ಯೆ ಅಥವಾ ಯುಪಿಐ ವಿಳಾಸ ನಿಜವಾಗಿಯೂ ಆ ಸಂಸ್ಥೆಯದೇ ಎಂದು ನೋಡಲು ‘ಸೆಬಿ ಚೆಕ್’ ಎಂಬ ವ್ಯವಸ್ಥೆಯೂ ಇದೆ. ಗಾರ್ಮೆಂಟ್ಸ್ ಖಾತೆ ಅದರಲ್ಲಿ ಸಿಗಲಿಲ್ಲ.

ಐಪಿಒ ಹಣದ ದಾರಿಯಂತೂ ಇನ್ನೂ ಸ್ಪಷ್ಟ. ನಿಜವಾದ ಐಪಿಒದಲ್ಲಿ ಅರ್ಜಿಯ ಹಣ ನಿಮ್ಮ ಖಾತೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅರ್ಜಿ ಹಾಕಿದಾಗ ನಿಮ್ಮ ಖಾತೆಯಲ್ಲೇ ಅಷ್ಟು ಮೊತ್ತ ತಡೆಹಿಡಿಯಲ್ಪಡುತ್ತದೆ. ಈ ಪದ್ಧತಿಗೆ ಆಸ್ಬಾ ಎಂದು ಹೆಸರು, 2016ರಿಂದ ಇದು ಎಲ್ಲ ಹೂಡಿಕೆದಾರರಿಗೂ ಕಡ್ಡಾಯ. ಷೇರು ಸಿಕ್ಕರೆ ಆ ಹಣ ಕಳೆಯುತ್ತದೆ, ಸಿಗದಿದ್ದರೆ ತಡೆ ತೆರವಾಗುತ್ತದೆ. ಅಂದಮೇಲೆ ‘ಷೇರು ಮಂಜೂರಾಗಿದೆ, ಈಗ ಹಣ ಕಟ್ಟಿ’ ಎಂಬ ಮಾತೇ ತಲೆಕೆಳಗು. ಹಣ ಮೊದಲು ಮೀಸಲಾಗುತ್ತದೆ, ಮಂಜೂರಾತಿ ಆಮೇಲೆ. ನೂರು ಕೇಳಿದವರಿಗೆ ನಾಲ್ಕು ಸಾವಿರ ಷೇರು ಸಿಗುವುದಂತೂ ಇಲ್ಲವೇ ಇಲ್ಲ, ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡುವುದಿಲ್ಲ. ಜನ ಮುಗಿಬಿದ್ದ ಐಪಿಒದಲ್ಲಿ ಕೇಳಿದಷ್ಟು ಸಿಗುವುದೂ ಕಷ್ಟ. ಗಣಿತದ ಮೇಷ್ಟ್ರು ಇದನ್ನು ಕೇಳಿ ಬಹಳ ಹೊತ್ತು ಹಾಳೆಯನ್ನೇ ನೋಡುತ್ತ ಕುಳಿತರು.

ನಾಲ್ಕನೆಯದು ಬೇರೆ ಜಾಗದ ದೃಢೀಕರಣ. ಮೇಷ್ಟ್ರಿಗೆ ಆಗಲೂ ಒಂದು ಆಸೆ ಉಳಿದಿತ್ತು. “ಆದರೆ ಸಾರ್, ಲಾಭ ಕಾಣಿಸ್ತಾ ಇದೆಯಲ್ಲ” ಎಂದು ಆ್ಯಪ್ ತೆರೆದು ತೋರಿಸಿದರು. ಹಸಿರು ಅಂಕಿಗಳು ಏರುತ್ತಲೇ ಇದ್ದವು. ಆ ಪರದೆ ಅವರ ಹಲಗೆ. ಅದರ ಮೇಲೆ ಅವರು ಏನು ಬೇಕಾದರೂ ಬರೆಯಬಹುದು, ಏನು ಬೇಕಾದರೂ ಅಳಿಸಬಹುದು. ಗುಂಪಿನಲ್ಲಿ ಲಾಭದ ಚಿತ್ರ ಹಾಕಿದ ‘ಸದಸ್ಯರು’, ನಂಬಿಕೆ ಹುಟ್ಟಿಸಲು ಹಿಂತಿರುಗಿಸಿದ ಆ 5,000, ಇವೆಲ್ಲವೂ ಅದೇ ಹಲಗೆಯ ಬರಹ. ಅವರ ಕೈಯಿಂದ ಬಂದ ಸಾಕ್ಷಿ ಎಷ್ಟೇ ಇರಲಿ, ಎಲ್ಲ ಸೇರಿದರೂ ಒಂದು ಇ.ಸಿ.ಗೆ ಸಮನಾಗುವುದಿಲ್ಲ.

ಷೇರಿಗೂ ಒಂದು ಇ.ಸಿ. ಇದೆ. ನಮ್ಮ ದೇಶದಲ್ಲಿ ಡಿಮ್ಯಾಟ್ ಷೇರುಗಳ ಲೆಕ್ಕ ಇಡುವುದು ಎರಡು ಡಿಪಾಸಿಟರಿಗಳು, ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್. ಬ್ರೋಕರ್ ಯಾರೇ ಇರಲಿ, ಷೇರು ನಿಮ್ಮದಾಯಿತು ಎಂದರೆ ಇವುಗಳಲ್ಲೊಂದರ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಅದು ಇರಬೇಕು. ನಿಮ್ಮ ಪ್ಯಾನ್ ಆಧಾರದ ಮೇಲೆ ಎಲ್ಲ ಡಿಮ್ಯಾಟ್ ಖಾತೆಗಳನ್ನೂ ಸೇರಿಸಿ ಅವರು ಒಂದು ಒಟ್ಟು ವಿವರಪಟ್ಟಿ ಕಳಿಸುತ್ತಾರೆ. ವಹಿವಾಟು ನಡೆದ ತಿಂಗಳಿಗೆ ತಿಂಗಳ ಪಟ್ಟಿ ಬರುತ್ತದೆ. ಮೇಷ್ಟ್ರಿಗೆ ಬಹಳ ವರ್ಷದ ಹಿಂದೆ ತಮ್ಮ ಬ್ಯಾಂಕಿನಲ್ಲೇ ತೆಗೆದ ಡಿಮ್ಯಾಟ್ ಖಾತೆ ಇತ್ತು, ಹಾಗಾಗಿ ಪಟ್ಟಿ ಅವರ ಇಮೇಲಿಗೆ ಬರುತ್ತಿತ್ತು. ತೆರೆದು ನೋಡುವ ರೂಢಿ ಇರಲಿಲ್ಲ. ಅಂದು ತೆರೆದೆವು. ಹಳೆಯ ಎರಡು ಕಂಪನಿಗಳ ಷೇರು ಇದ್ದಲ್ಲೇ ಇದ್ದವು. ಆ್ಯಪಿನಲ್ಲಿ ಒಂದು ತಿಂಗಳಿಂದ ‘ಕೊಂಡ’ ಒಂದು ಷೇರೂ ಅಲ್ಲಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. ಆಮೇಲೆ ಠೇವಣಿಯ ಬಾಂಡನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಉಳಿದ ಹಣ ಹಿಂದಕ್ಕೆ ಬೇಕು ಎಂದು ಬರೆದದ್ದಕ್ಕೆ ಮಧ್ಯಾಹ್ನ ಉತ್ತರ ಬಂತು: ಮೊದಲು ಲಾಭದ ಮೇಲೆ ಶೇಕಡ ಇಪ್ಪತ್ತು ತೆರಿಗೆ ಕಟ್ಟಿ. ಷೇರಿನ ಲಾಭದ ತೆರಿಗೆಯನ್ನು ನಾವು ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ. ಹಣ ಬಿಡುಗಡೆ ಮಾಡಲು ತೆರಿಗೆಯನ್ನು ಮೊದಲು ಬ್ರೋಕರಿಗೆ ಕಟ್ಟಿ ಎಂಬ ಪದ್ಧತಿ ಇಲ್ಲ. ಹನ್ನೆರಡು ಲಕ್ಷ ಉಳಿಯಿತು. ಹೋದದ್ದು 2,15,000.

ಹಣ ಈಗಾಗಲೇ ಹೋಗಿದ್ದರೆ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ತಾಣದಲ್ಲಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ವರ್ಗಾವಣೆಯ ಯುಟಿಆರ್ ಸಂಖ್ಯೆ, ದಿನಾಂಕ, ಮೊತ್ತ, ಹಣ ಹೋದ ಖಾತೆ ಇವನ್ನು ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಬೇಗಬೇಗ ದಾಟುತ್ತದೆ, ದಾಟುವ ಮುಂಚೆ ತಡೆದರೆ ಮಾತ್ರ ಉಳಿಯುತ್ತದೆ. ಅವಸರ ಮಾಡಬೇಕಾದ ಹೊತ್ತು ಇದೊಂದೇ. ಮೇಷ್ಟ್ರು ದೂರು ಕೊಡುವಾಗ ಮೋಸ ಗೊತ್ತಾಗಿ ವಾರವಾಗಿತ್ತು, ಎರಡು ಲಕ್ಷದ ಬಹುಪಾಲು ಕೈದಾಟಿ ಹೋಗಿತ್ತು. ಆ ವಾರವೆಲ್ಲ ಅವರು ಮನೆಯಲ್ಲಿ ಹೇಳದೆ ಇದ್ದದ್ದು ನಾಚಿಕೆಯಿಂದ. ಹಾಗಾಗಿ ನಿಮ್ಮ ಮನೆಯ ಹಿರಿಯರೋ ಮಕ್ಕಳೋ ಹೀಗೆ ಬಂದು ಹೇಳಿದರೆ, ‘ಇಷ್ಟೂ ಬುದ್ಧಿ ಇಲ್ಲವಾ’ ಎಂಬ ಮಾತನ್ನು ನುಂಗಿಕೊಂಡು ಮೊದಲು ಯುಟಿಆರ್ ಸಂಖ್ಯೆ ಹುಡುಕಿ.

ಈ ನಾಲ್ಕು ಪ್ರಶ್ನೆಗಳಿಗೆ ಮಿತಿಯೂ ಇದೆ. ಇವು ಹೂಡಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲಾರವು. ನಿಜವಾದ ಸಂಸ್ಥೆಯ ನಿಜವಾದ ಷೇರಿನಲ್ಲೂ ನಷ್ಟವಾಗುತ್ತದೆ. ಇವು ಹೇಳುವುದು ಇಷ್ಟನ್ನೇ: ಎದುರಿಗಿರುವವರು ತಾವು ಹೇಳಿಕೊಂಡವರೇ ಹೌದೋ, ಹಣ ತಾನು ಹೋಗಬೇಕಾದ ಕಡೆಗೇ ಹೋಗುತ್ತಿದೆಯೋ ಎಂಬುದನ್ನು. ಜೊತೆಗೆ, ಪ್ರಶ್ನೆ ನೆನಪಾಗಬೇಕಾದ ಹೊತ್ತಿನಲ್ಲೇ ಮನಸ್ಸು ಆಸೆಯಿಂದಲೋ ಭಯದಿಂದಲೋ ತುಂಬಿರುತ್ತದೆ. ಆದ್ದರಿಂದ ನೆನಪನ್ನು ನಂಬಬೇಡಿ. ಒಂದು ನಿಯಮ ಮಾಡಿಕೊಳ್ಳಿ: ನಾವು ಕೇಳದೆ ಬಂದ ಯಾವ ಅವಕಾಶಕ್ಕೂ ಅದೇ ದಿನ ಹಣ ಕಳಿಸುವುದಿಲ್ಲ. ಒಂದು ರಾತ್ರಿ ಕಳೆಯಬೇಕು, ಮನೆಯ ಒಬ್ಬರಿಗೆ ಹೇಳಿರಬೇಕು, ಹಾಳೆಯ ಮೇಲೆ ನಾಲ್ಕು ಪ್ರಶ್ನೆಗೂ ಉತ್ತರ ಬರೆದಿರಬೇಕು. ಒಂದಕ್ಕೆ ಉತ್ತರ ಬರೆಯಲಾಗದಿದ್ದರೂ ಹಣ ಹೋಗಕೂಡದು. ಕೆಲಸ ಕೊಡಿಸುತ್ತೇವೆ, ಸಾಲ ಮಂಜೂರಾಗಿದೆ, ಬಹುಮಾನ ಬಂದಿದೆ, ಹಳೆಯ ವಿಮೆಗೆ ಬೋನಸ್ಸಿದೆ, ಎಲ್ಲಕ್ಕೂ ಇದೇ ಹಾಳೆ. ಇ.ಸಿ. ತೆಗೆಸುವ ಕಚೇರಿ ಮಾತ್ರ ಬೇರೆ ಬೇರೆ.

ಹೋದ ತಿಂಗಳು ಮೇಷ್ಟ್ರ ಮನೆಗೆ ಹೋಗಿದ್ದೆ. ಅಂದು ನಾವು ಬರೆದ ಹಾಳೆಯನ್ನು ಅವರು ಫೋನಿಡುವ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದಾರೆ. ನಾನಿರುವಾಗಲೇ ಒಂದು ಕರೆ ಬಂತು, ಯಾವುದೋ ಹಳೆಯ ಪಾಲಿಸಿಗೆ ಬೋನಸ್ ಬಂದಿದೆಯಂತೆ. ಮೇಷ್ಟ್ರು ಬೈಯಲಿಲ್ಲ, ಗಾಬರಿಯಾಗಲಿಲ್ಲ. ಕಪಾಟಿನ ಬಾಗಿಲು ತೆರೆದು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ, “ಪಾಲಿಸಿ ನಂಬರು ಹೇಳಿಪ್ಪಾ, ನಾಳೆ ನಾನೇ ಶಾಖೆಗೆ ಹೋಗಿ ವಿಚಾರಿಸ್ತೀನಿ” ಅಂದರು. ಆ ಕಡೆ ಕರೆ ಕಡಿಯಿತು. ಮೇಷ್ಟ್ರು ಬಾಗಿಲು ಮುಚ್ಚಿ, ಕಾಫಿಗೆ ಹಾಲು ಕಾಯಿಸಲು ಒಳಗೆ ಹೋದರು.